ಜಕ್ಕಿಯಬ್ಬೆಯ ಕುದುರೆ

"ಹತ್ತನೇ ಶತಮಾನದಲ್ಲಿ ನಾಡು ಆಳಿದ ಬಂದಳಿಕೆಯ ಜಕ್ಕಿಯಬ್ಬೆಯ ಬಗ್ಗೆ ಲೇಖನ ಕಳಿಸಿದ್ದೇನೆ. ಅವಳ ಬಗ್ಗೆ ಇರುವುದು ಒಂದೇ ಶಾಸನ. ಉಳಿದದ್ದನ್ನು ಕಲ್ಪಿಸಿ ತುಂಬಿದ್ದೇನೆ. ತಪ್ಪಾ ಸರ್?"

ಕಲ್ಪಿಸಿದ್ದು ತಪ್ಪಲ್ಲ. ಆದರೆ ಎಲ್ಲಿ ಕಲ್ಲು ಮುಗಿದು ನೀವು ಶುರುವಾದಿರಿ ಅಂತ ನನಗೇ ಗೊತ್ತಾಗಲಿಲ್ಲ. ಎರಡನೇ ಪುಟದಲ್ಲಿ ಅವಳು ಕತ್ತಿ ಹಿಡಿದು ಕುದುರೆ ಏರುತ್ತಾಳೆ. ಶಾಸನ ಅವಳ ವೀರವನ್ನು ಹೊಗಳುತ್ತದೆ ನಿಜ, ಯುದ್ಧ ಮಾತ್ರ ಅಲ್ಲಿಲ್ಲ.

ಹತ್ತನೇ ಶತಮಾನದ ಆರಂಭದ ಆ ಕಲ್ಲನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಒಂದೊಂದು ಮಾತಿಗೂ ಒಂದು ಪರೀಕ್ಷೆ ಇದೆ: ಜಕ್ಕಿಯಬ್ಬೆಯ ಹೆಸರು ತೆಗೆದು ಬೇರೆ ಯಾವುದಾದರೂ ಶ್ರೀಮಂತ ಜೈನ ಹೆಂಗಸಿನ ಹೆಸರು ಹಾಕಿ. ಚೆಲುವೆ, ಜಿನಭಕ್ತೆ ಅನ್ನುವ ಮಾತುಗಳು ಅಲ್ಲಿಗೂ ಸಲೀಸಾಗಿ ಕೂತುಬಿಡುತ್ತವೆ. ಅವು ಆ ಕಾಲದ ಹೊಗಳಿಕೆಯ ಅಚ್ಚು. ಅವುಗಳಿಂದ ಅವಳ ಮುಖ, ಮನಸ್ಸು ಬಿಡಿಸಲು ಹೋಗಬೇಡಿ. ಕೂರದೆ ಉಳಿಯುವುದು ಬೇರೆ: ನಾಗರಖಂಡ ಎಪ್ಪತ್ತು ಅನ್ನುವ ಎಪ್ಪತ್ತು ಹಳ್ಳಿಯ ನಾಡಿಗೆ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥನಾಗಿದ್ದ ಗಂಡ ಸತ್ತ, ಆ ಹುದ್ದೆ ಇವಳಿಗೆ ಬಂತು, ಇವಳು ಆಳಿದಳು, ಕಾಯಿಲೆ ಬಿದ್ದಳು, ಮಗಳನ್ನು ಕರೆಸಿ ಸೊತ್ತು ಒಪ್ಪಿಸಿದಳು, ಬಸದಿಯಲ್ಲಿ ವ್ರತ ಹಿಡಿದು ಪ್ರಾಣ ಬಿಟ್ಟಳು. ನಿಮ್ಮ ಲೇಖನದ ಬೆನ್ನೆಲುಬು ಇದು. ಅಂದಹಾಗೆ, "ಮಗಳು ಗಾವುಂಡಿಯಾದಳು" ಅಂತ ಬರೆದಿದ್ದೀರಿ. ಸೊತ್ತು ಕೊಟ್ಟದ್ದನ್ನು ಹುದ್ದೆ ಕೊಟ್ಟದ್ದು ಅಂತ ಓದಬೇಡಿ.

ಹೊಗಳಿಕೆಯಲ್ಲೂ ಒಂದು ಮಾತು ಮಾತ್ರ ಬಿಡಬೇಡಿ. ಹೆಣ್ಣಾಗಿದ್ದೂ ಶೌರ್ಯದಿಂದ ನಾಡು ಕಾಯ್ದಳು ಅನ್ನುವ ಅರ್ಥದ ಮಾತು ಅಲ್ಲಿದೆ. ಆ "ಆಗಿದ್ದೂ" ನೋಡಿ. ಅದರಲ್ಲಿ ಕಾಣುವುದು ಅವಳಿಗಿಂತ ಜಾಸ್ತಿ ಶಾಸನ ಬರೆದವನು. ಹೆಣ್ಣು ನಾಡು ಆಳುವುದು ಅವನಿಗೆ ಮಾಮೂಲಿ ಸಂಗತಿ ಆಗಿರಲಿಲ್ಲ. ನೀವೋ ಇದೇ ಕಲ್ಲು ಹಿಡಿದು "ಆಗ ಹೆಣ್ಣುಮಕ್ಕಳಿಗೆ ಸಮಾನ ಅಧಿಕಾರವಿತ್ತು" ಅಂದುಬಿಟ್ಟಿದ್ದೀರಿ. ಅದೇ ಕಲ್ಲು ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದೆ, ಅಲ್ವಾ?

ಇನ್ನು ಅವಳ ಮನೆಯಲ್ಲಿ ಭತ್ತ ಕುಟ್ಟಿದ ಹೆಂಗಸರು. ಅವರ ಬಗ್ಗೆ ಈ ಕಲ್ಲಿನಲ್ಲಿ ಅಕ್ಷರವಿಲ್ಲ. ಕಲ್ಲು ನಿಲ್ಲಿಸಲು ದುಡ್ಡು ಬೇಕಿತ್ತು. ಅವರನ್ನು ತರುವುದಾದರೆ ತನ್ನಿ, ಆದರೆ "ಇದು ನನ್ನ ಊಹೆ" ಅಂತ ಮೊದಲೇ ಒಮ್ಮೆ ಹೇಳಿಬಿಡಿ. ಆಮೇಲೆ ವಾಕ್ಯಕ್ಕೊಂದು "ಇರಬಹುದು" ಬೇಡ, ಓದುವವರಿಗೆ ಸುಸ್ತಾಗುತ್ತದೆ.

ಶುರುವನ್ನು ಬದಲಿಸಿ ಕಳಿಸಿ. ಕುದುರೆ ಇಳಿಸಿ, ಕಾಯಿಲೆಯ ದಿನದಿಂದ ತೊಡಗಿ. ಎಪ್ಪತ್ತು ಹಳ್ಳಿಯ ಲೆಕ್ಕ ನೋಡುತ್ತಿದ್ದವಳು ಮಗಳಿಗೆ ಹೇಳಿ ಕಳಿಸುತ್ತಾಳೆ. ಮಗಳ ಹೆಸರನ್ನು ನೀವೇ ಇಟ್ಟಿದ್ದೀರಿ, ಅದನ್ನೂ ತೆಗೆಯಿರಿ. ಸುಮ್ನೆ "ಮಗಳು" ಅಂದರೆ ಸಾಕು.