ಆರ್ಡರ್ ನಿಮ್ಮದು, ಕಮಿಷನ್ ಕೂಪನ್ ಸೈಟಿಗೆ

ಪ್ರಶ್ನೆ: ಸರ್, ನಾವು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿಬೇಳಿ ನಮ್ಮದೇ ವೆಬ್‌ಸೈಟಿನ್ಯಾಗ ಮಾರ್ತೀವ್ರಿ. ಗಿರಾಕಿ ಕಳಸಿದೋರಿಗೆ ಶೇ 10 ಕಮಿಷನ್ ಕೊಡ್ತೀವಿ. ಒಂದು ಕೂಪನ್ ಸೈಟು ಎಲ್ಲಾರಕಿಂತ ಜಾಸ್ತಿ ರೊಕ್ಕ ತಗೋತದ, ಆದ್ರ ಒಟ್ಟು ಆರ್ಡರ್ ಮೊದಲಿನಷ್ಟೇ ಅವ. ಅವರು ಖರೇನೇ ಗಿರಾಕಿ ತರ್ತಾರೋ ಇಲ್ಲೋ ಹ್ಯಾಂಗ ತಿಳೀತದ್ರಿ? ಆರ್ಡರ್ ಪಟ್ಟಿ ಕಳಸೀನಿ.
– ಓದುಗರೊಬ್ಬರು, ಕಲಬುರಗಿ

ಉತ್ತರ: ನೀವು ಕಳಿಸಿದ ಪಟ್ಟಿಯಲ್ಲೇ ಉತ್ತರವಿದೆ. ಬೆಂಗಳೂರಿನ ಗಿರಾಕಿಯೊಬ್ಬರ ₹1,240ರ ಆರ್ಡರ್ ನೋಡಿ. ರಾತ್ರಿ 8.41ಕ್ಕೆ ಅವರು ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರನ್ನೇ ಹುಡುಕಿ ಸೈಟಿಗೆ ಬಂದಿದ್ದಾರೆ. 8.46ಕ್ಕೆ ರೊಟ್ಟಿ, ಹಿಂಡಿ ಎರಡೂ ಕಾರ್ಟ್ ಸೇರಿವೆ. 8.52ಕ್ಕೆ ವಿಳಾಸ ತುಂಬಿ ಹಣ ಕಟ್ಟುವ ಪುಟದಲ್ಲಿದ್ದಾರೆ. ಕೂಪನ್ ಸೈಟಿನ ಕ್ಲಿಕ್ ದಾಖಲಾಗಿರುವುದು 8.53ಕ್ಕೆ, ಹಣ ಬಂದಿರುವುದು 8.55ಕ್ಕೆ. ಅದೇ ಮೊಬೈಲ್ ನಂಬರಿನಿಂದ ದೀಪಾವಳಿಯಲ್ಲೂ ಒಂದು ಆರ್ಡರ್ ಇದೆ. ಅಂದರೆ ಇವರು ನಿಮ್ಮ ಹಳೇ ಗಿರಾಕಿ, ಕೊಳ್ಳಬೇಕೆಂದೇ ಬಂದವರು.

ಆ ಒಂದು ನಿಮಿಷದಲ್ಲಿ ಏನಾಯಿತೆಂದರೆ, ನಿಮ್ಮ ಪುಟದಲ್ಲಿ 'ಕೂಪನ್ ಕೋಡ್ ಹಾಕಿ' ಎನ್ನುವ ದೊಡ್ಡ ಖಾಲಿ ಡಬ್ಬಿ ಅವರ ಕಣ್ಣಿಗೆ ಬಿತ್ತು. ನಿಮ್ಮ ಹೆಸರಿನ ಮುಂದೆ 'ಕೂಪನ್' ಸೇರಿಸಿ ಗೂಗಲ್‌ನಲ್ಲಿ ಹುಡುಕಿದರು. ಕೂಪನ್ ಸೈಟಿನಲ್ಲಿ 'ಕೋಡ್ ತೋರಿಸಿ' ಒತ್ತಿದ ಕೂಡಲೇ ಅವರ ಬ್ರೌಸರಿನಲ್ಲಿ ಆ ಸೈಟಿನ ಕುಕೀ, ಅಂದರೆ ಗಿರಾಕಿಯನ್ನು ಕಳಿಸಿದ್ದು ತಾನೇ ಎನ್ನುವ ಗುರುತು, ಕೂತಿತು. ಕಡೇ ಕ್ಲಿಕ್ ಯಾರದೋ ಕಮಿಷನ್ ಅವರಿಗೆ ಎಂಬುದು ನಿಮ್ಮ ವ್ಯವಸ್ಥೆಯ ನಿಯಮ. ಸಿಕ್ಕ ಕೋಡ್ ಅವಧಿ ಮುಗಿದದ್ದಾದರೂ ಕಮಿಷನ್ ಹೋಗುತ್ತದೆ. ಇಲ್ಲಿ ಸಿಕ್ಕಿದ್ದು ನೀವು ಹಬ್ಬಕ್ಕೆಂದು ಹಳೇ ಗಿರಾಕಿಗಳಿಗೆ ಕೊಟ್ಟಿದ್ದ ಕೋಡ್. ರಿಯಾಯಿತಿ ₹124, ಉಳಿದ ₹1,116ರ ಮೇಲೆ ಕಮಿಷನ್ ₹111.60. ಪೂರ್ತಿ ಬೆಲೆಗೆ ಹೋಗಬಹುದಾಗಿದ್ದ ಒಂದು ಆರ್ಡರಿನಲ್ಲಿ ಸುಮಾರು ₹236 ಕೈ ಬಿಟ್ಟಿತು. ರೊಟ್ಟಿ ಬಡಿದವರ ಕೂಲಿ ಇದರಲ್ಲೇ ಬರಬೇಕಲ್ಲ, ನನಗೆ ಸಂಕಟವಾಗುವುದು ಅಲ್ಲಿ.

ಅದೇ ಪಟ್ಟಿಯಲ್ಲಿ ಅಡುಗೆ ವಿಡಿಯೊ ಮಾಡುವವರೊಬ್ಬರು ಕಳಿಸಿದ ಗಿರಾಕಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅವರ ಕ್ಲಿಕ್ ಮೊದಲು ಬಂದಿದೆ, ಕಾರ್ಟ್ ಆಮೇಲೆ ತುಂಬಿದೆ. ಕೆಲವರು ರೊಟ್ಟಿಯ ಪುಟ ಓದಿ ಹೋಗಿ, ಎರಡು ಮೂರು ದಿನ ಬಿಟ್ಟು ಕೊಂಡಿದ್ದಾರೆ. ನಂಬರುಗಳೂ ಹೆಚ್ಚಿನವು ಹೊಸವು. ಗಿರಾಕಿ ತರುವುದು ಎಂದರೆ ಇದು. ಹಾಗಾಗಿ ಪ್ರತಿ ಆರ್ಡರಿನಲ್ಲೂ ಕ್ಲಿಕ್ಕಿನ ಸಮಯವನ್ನು ಕಾರ್ಟಿಗೆ ಹಾಕಿದ ಸಮಯದ ಜತೆ ಹೋಲಿಸಿ, ಮೊಬೈಲ್ ನಂಬರನ್ನು ಹಳೇ ಪಟ್ಟಿಯಲ್ಲಿ ಹುಡುಕಿ. ಒಂದೆರಡು ಆರ್ಡರ್ ಹೀಗಿದ್ದರೆ ದೋಷ ಹೊರಿಸಬೇಡಿ. ಒಂದೇ ಸೈಟಿನ ಹೆಚ್ಚುಪಾಲು ಆರ್ಡರುಗಳಲ್ಲಿ ಕಾರ್ಟ್ ತುಂಬಿದ ಮೇಲೆಯೇ ಕ್ಲಿಕ್ ಬಂದಿದ್ದರೆ ಮಾತ್ರ ಅನುಮಾನಕ್ಕೆ ಕಾರಣವಿದೆ.

ಬ್ರೌಸರಿಗೆ ಹಾಕಿಕೊಳ್ಳುವ ಕೂಪನ್ ಎಕ್ಸ್‌ಟೆನ್ಷನ್‌ಗಳನ್ನು ಹಿಡಿಯುವುದು ಇನ್ನೂ ಕಷ್ಟ. ಗಿರಾಕಿ ನಿಮ್ಮ ಪುಟ ಬಿಟ್ಟು ಎಲ್ಲೂ ಹೋಗುವುದಿಲ್ಲ. ಹಣ ಕಟ್ಟುವಾಗ ಒಂದು ಪೆಟ್ಟಿಗೆ ಮೇಲೆದ್ದು 'ಕೋಡ್ ಹುಡುಕಲೇ' ಎನ್ನುತ್ತದೆ, ಹೂಂ ಎಂದರೆ ಹಿಂದಿನಿಂದ ತನ್ನ ಲಿಂಕ್ ತೆರೆದುಬಿಡಬಹುದು. ಇದರ ಗುರುತು, ಆ ಕ್ಲಿಕ್ ಬಂದಿಳಿದ ಪುಟ ರೊಟ್ಟಿಯದ್ದಾಗಿರದೆ ನೇರ `/cart` ಅಥವಾ `/checkout` ಆಗಿರುವುದು. 2024ರ ಕೊನೆಗೆ ಹನಿ ಎಂಬ ಎಕ್ಸ್‌ಟೆನ್ಷನ್ ಮೇಲೆ ಇಂಥದೇ ಆರೋಪ ಬಂದು ದೊಡ್ಡ ಗದ್ದಲವಾಯಿತು. 2025ರ ಮಾರ್ಚ್‌ನಲ್ಲಿ ಗೂಗಲ್ ಕೂಡ ಕ್ರೋಮ್‌ನ ನಿಯಮ ಬಿಗಿ ಮಾಡಿ, ಬಳಸುವವರಿಗೆ ನೇರ ಲಾಭವಿಲ್ಲದೆ ಎಕ್ಸ್‌ಟೆನ್ಷನ್ ತನಗೆ ಕಮಿಷನ್ ತರುವ ಅಫಿಲಿಯೇಟ್ ಲಿಂಕ್ ತೂರಿಸುವಂತಿಲ್ಲ ಎಂದಿತು.

ಒಂದು ಮಾತು ಕೂಪನ್ ಸೈಟಿನವರ ಪರವಾಗಿಯೂ ಹೇಳಬೇಕು. ಕೊಳ್ಳಲೋ ಬೇಡವೋ ಎಂದು ತಡೆದು ನಿಂತವರು ಕೂಪನ್ ಸಿಕ್ಕಿತೆಂದೇ ಕೊಂಡಿರಬಹುದು. ಅದು ಸಮಯದ ಲೆಕ್ಕದಲ್ಲಿ ಕಾಣುವುದಿಲ್ಲ. ಅದಕ್ಕೇ ಹಬ್ಬ, ಮದುವೆ ಸೀಸನ್ ಇಲ್ಲದ ನಾಲ್ಕು ವಾರ ಆ ಸೈಟನ್ನು ನಿಲ್ಲಿಸಿ, ಹಬ್ಬದ ಕೋಡನ್ನೂ ರದ್ದು ಮಾಡಿ. ಆಗ ನೋಡಬೇಕಾದ್ದು ಒಟ್ಟು ಆರ್ಡರ್ ಮತ್ತು ಕೈಗೆ ಉಳಿದ ಹಣ. ಎರಡೂ ಕುಸಿಯದಿದ್ದರೆ ಆ ಮಾರಾಟ ಹೇಗೂ ನಿಮ್ಮದೇ ಆಗಿತ್ತು. ವಾರಕ್ಕೆ ಹತ್ತಿಪ್ಪತ್ತೇ ಆರ್ಡರ್ ಇದ್ದರೆ ಏರಿಳಿತ ತಾನಾಗಿಯೇ ಇರುತ್ತದೆ, ಇನ್ನೊಂದು ತಿಂಗಳು ನೋಡಿ ತೀರ್ಮಾನಿಸಿ.

ಈ ವಾರವೇ ಆ ಖಾಲಿ ಡಬ್ಬಿ ತೆಗೆದು, 'ಕೋಡ್ ಇದೆಯೇ?' ಎನ್ನುವ ಸಣ್ಣ ಸಾಲು ಇಡಿಸಿ. ಕೋಡ್ ಇದ್ದವರು ಮಾತ್ರ ಅದನ್ನು ಒತ್ತುತ್ತಾರೆ. ನಿಮ್ಮ ಕರಾರಿನಲ್ಲಿ ಎರಡು ಮಾತು ಸೇರಿಸಿ: ಕಾರ್ಟ್ ತುಂಬಿದ ಮೇಲೆ ಬಂದ ಕ್ಲಿಕ್ಕಿಗೆ ಕಮಿಷನ್ ಇಲ್ಲ, ಮತ್ತು ಕೂಪನ್ ಸೈಟುಗಳಿಗೆ ಹೊಸ ಗಿರಾಕಿಯ ಆರ್ಡರಿಗಷ್ಟೇ ಕಮಿಷನ್. ವಿಡಿಯೊ ಮಾಡುವವರ ಶೇ 10ನ್ನು ಮುಟ್ಟಬೇಡಿ.