ಲಂಗದ ರೇಟು ಮತ್ತು ನಾದಿನಿಯ ಮುನಿಸು

ಅಕ್ಕಾ, ನಮ್ಮ ಮಹಿಳಾ ಸಂಘದಲ್ಲಿ ಮನೆಯಲ್ಲೇ ಮಾಡುವ ಕೆಲಸ, ಅದಕ್ಕೆ ಸರಿಯಾದ ಕೂಲಿ ಇದರ ಬಗ್ಗೆ ನಾನು ಮಾತಾಡಬೇಕಂತೆ. ನಮ್ಮಲ್ಲಿ ಹೆಚ್ಚಿನವರು ಸೀರೆ ಲಂಗ ಹೊಲಿಯುತ್ತಾರೆ. ಒಂದಕ್ಕೆ 12 ರೂಪಾಯಿ. ಕೆಲಸ ತಂದುಕೊಡುವವಳು ನನ್ನ ನಾದಿನಿ. ರೇಟು ಕಡಿಮೆ ಅಂದರೆ ಮನೆಯಲ್ಲಿ ಜಗಳ, ಸುಮ್ಮನಿದ್ದರೆ ಸಂಘದವರಿಗೆ ಅನ್ಯಾಯ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ತಂಗಿ, ರೇಟು ಜಾಸ್ತಿಯೋ ಕಡಿಮೆಯೋ ಅಂತ ನೀವು ಹೇಳಲೇಬೇಡಿ. ಗಡಿಯಾರ ಹೇಳಲಿ. ಸಭೆಗೆ ಮೊದಲು ನಾಲ್ಕು ಲಂಗ ಹೊಲಿದು ಸಮಯ ಬರೆದಿಡಿ. ದಾರ ಬದಲಿಸಿದ್ದು, ಲಾಡಿ ಪೋಣಿಸಿದ್ದು, ಇಸ್ತ್ರಿ, ಮಡಿಕೆ ಎಲ್ಲವೂ ಸೇರಲಿ. ಹೆಂಗಸರು ಲೆಕ್ಕ ಬಿಡುವುದು ಇಲ್ಲೇ. ಮಷಿನ್ ತಿರುಗಿದ ಹೊತ್ತನ್ನಷ್ಟೇ ಕೆಲಸ ಅಂದುಕೊಳ್ಳುತ್ತಾರೆ.

ಒಂದಕ್ಕೆ 25 ನಿಮಿಷ ಹಿಡಿಯಿತು ಅಂದುಕೊಳ್ಳಿ. ದಾರ, ಸೂಜಿ, ಕರೆಂಟಿಗೆ ಒಂದೂವರೆ ರೂಪಾಯಿ. 40 ಲಂಗದ ಗಂಟು ತರಲು, ಕೊಡಲು ಆಟೋಗೆ 60 ರೂಪಾಯಿ ಆದರೆ ಅದೂ ಒಂದಕ್ಕೆ ಒಂದೂವರೆ. ಉಳಿಯುವುದು 9 ರೂಪಾಯಿ. ಎಂಟು ಗಂಟೆಗೆ 19 ಲಂಗ, ಅಂದರೆ ಸುಮಾರು 171 ರೂಪಾಯಿ. ನಿಮ್ಮ ಕಡೆ ಹೆಣ್ಣಾಳಿನ ದಿನಗೂಲಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ದಿನಕ್ಕೆ 350 ಬೇಕಿದ್ದರೆ ಒಂದಕ್ಕೆ 21ರಿಂದ 22 ರೂಪಾಯಿ ಸಿಗಬೇಕು. ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ನಿಮಿಷ ಹಾಕಿ ಇದೇ ಲೆಕ್ಕ ಮಾಡಲಿ. ಆಗ ನಿಮ್ಮ ನಾದಿನಿಯ ಹೆಸರೇ ಬರುವುದಿಲ್ಲ.

ಆದರೆ ಆಕೆಗೆ ಮೊದಲೇ ತೋರಿಸಿ, ಎಲ್ಲರ ಮುಂದೆ ತಿಳಿಯುವ ಹಾಗೆ ಮಾಡಬೇಡಿ. ಅಂಗಡಿಯವರು ಒಂದಕ್ಕೆ ಎಷ್ಟು ಕೊಡುತ್ತಾರೆ ಅಂತ ಸಮಾಧಾನವಾಗಿ ಕೇಳಿ. 14 ಕೊಡುತ್ತಿದ್ದರೆ ಆಕೆಗೂ ಜಾಸ್ತಿ ಉಳಿಯುತ್ತಿಲ್ಲ. ಇಬ್ಬರೂ ಸೇರಿ ಅಂಗಡಿಯವರ ಹತ್ತಿರ ಮಾತಾಡಬಹುದು. 20 ಕೊಡುತ್ತಿದ್ದರೆ ನೀವು ಮಾತಾಡಬೇಕಾದ್ದು ಆಕೆಯ ಹತ್ತಿರವೇ. ಅದು ಕಷ್ಟದ ಮಾತು, ಆದರೂ ಆಡಲೇಬೇಕು. ರೇಟು ಏರದಿದ್ದರೆ ಸಂಘದವರೇ ಇಬ್ಬರು ಮಂಡಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ನೇರವಾಗಿ ವಿಚಾರಿಸಲಿ. ಮೊದಲ ಸಲ 20 ಲಂಗದ ಸಣ್ಣ ಗಂಟು ಸಾಕು.

ರೇಟು ಸರಿಯಿದ್ದೂ ದುಡ್ಡು ಕೈಗೆ ಬರದೇ ಇರುವುದು ಎರಡು ಕಡೆ. ಒಂದು, ರಿಜೆಕ್ಟ್. ತಿಂಗಳಾದ ಮೇಲೆ ಹೊಲಿಗೆ ಸರಿಯಿಲ್ಲ ಅಂತ ದುಡ್ಡು ಹಿಡಿಯುತ್ತಾರೆ. ಅದಕ್ಕೆ ಒಂದೇ ಥರದ ಎರಡು ಮಾದರಿ ಲಂಗ ಹೊಲಿದು ಒಂದನ್ನು ಅವರು, ಒಂದನ್ನು ನೀವು ಇಟ್ಟುಕೊಳ್ಳಿ. ಗಂಟು ಒಪ್ಪಿಸಿದಾಗಲೇ ಎಣಿಸಿ, ನೋಡಿ, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿ. ಇನ್ನೊಂದು, ಬಾಕಿ. ಹಿಂದಿನ ಗಂಟಿನ ಹಣ ಬರುವವರೆಗೂ ಹೊಸ ಗಂಟು ಮುಟ್ಟುವುದಿಲ್ಲ ಅಂತ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಒಬ್ಬರು ಸಡಿಲ ಬಿಟ್ಟರೂ ಇದು ನಡೆಯುವುದಿಲ್ಲ.

ಕೆಲಸ ಕೊಡಲು ಮೊದಲು ಡೆಪಾಸಿಟ್ ಕಟ್ಟಿ ಅನ್ನುವವರು ಬಂದರೆ ಅಲ್ಲೇ ವಾಪಸ್ ಕಳಿಸಿ. ಕೂಲಿ ಕೊಡಬೇಕಾದವರು ಅವರು, ಅಲ್ವಾ? ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ನಾದಿನಿಯ ಗಂಟೇ ಬರೆಯಿರಿ, ಸಹಿಯನ್ನೂ ಅವಳ ಕೈಲೇ ಹಾಕಿಸಿ.