ಕ್ಲಿಕ್ ಜಾಸ್ತಿ ಬಂದ ಥಂಬ್‌ನೇಲ್ ಸೋತಿದ್ದು ಯಾಕೆ?

ಸರ್, ನಮ್ಮದು ಜಮಖಂಡಿ. ಮನೆ ಸಾಮಾನಿನ ರಿವ್ಯೂ ಚಾನೆಲ್ ನಡೆಸುತ್ತೇನೆ. ಮನೆಯಲ್ಲಿಡುವ ಹಿಟ್ಟಿನ ಗಿರಣಿ ಬಗ್ಗೆ 24 ನಿಮಿಷದ ವಿಡಿಯೊ ಹಾಕಿದೆ. ಮೊದಲ ಮೂರು ದಿನ ಒಂದು ಥಂಬ್‌ನೇಲ್, ಮುಂದಿನ ಮೂರು ದಿನ ಇನ್ನೊಂದು ಇಟ್ಟು ನೋಡಿದೆ. ಮೊದಲನೆಯದಕ್ಕೇ ಕ್ಲಿಕ್ ಜಾಸ್ತಿ. ಆದರೆ ಯೂಟ್ಯೂಬ್‌ನ ಎ/ಬಿ ಟೆಸ್ಟ್‌ಗೆ ಹಾಕಿದರೆ ಎರಡನೆಯದು ಗೆದ್ದಿತು. ಯಾವುದನ್ನು ನಂಬಲಿ?

ಟೆಸ್ಟನ್ನೇ ನಂಬಿ. ನೀವು ಕೈಯಾರೆ ಮಾಡಿದ್ದು ಟೆಸ್ಟೇ ಅಲ್ಲ. ಇದೇ ತಕರಾರು ಹೊತ್ತ ಪತ್ರ ತಿಂಗಳಿಗೆ ನಾಲ್ಕಾದರೂ ಬರುತ್ತದೆ, ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಮೊದಲ ಮೂರು ದಿನ ನಿಮ್ಮ ವಿಡಿಯೊ ಯಾರ ಮುಂದೆ ಬಂತು? ಹೆಚ್ಚಾಗಿ ಸಬ್‌ಸ್ಕ್ರೈಬರ್‌ಗಳ ಮುಂದೆ, ಮೊದಲೇ ನಿಮ್ಮನ್ನು ನೋಡಿದವರ ಮುಂದೆ. ಅವರು ನಿಮ್ಮ ಮುಖ ಕಂಡರೆ ಸಾಕು, ಒತ್ತುತ್ತಾರೆ. ಆಮೇಲೆ ಯೂಟ್ಯೂಬ್ ಅದನ್ನು ಗುರುತಿಲ್ಲದವರಿಗೂ ತೋರಿಸಲು ಶುರು ಮಾಡುತ್ತದೆ. ಇಂಪ್ರೆಷನ್, ಅಂದರೆ ಚಿತ್ರ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ, ಏರುತ್ತದೆ, ಕ್ಲಿಕ್ ಶೇಕಡಾವಾರು ಇಳಿಯುತ್ತದೆ. ಥಂಬ್‌ನೇಲ್ ಮುಟ್ಟದೆ ಬಿಟ್ಟಿದ್ದರೂ ಇಳಿಯುತ್ತಿತ್ತು. ನೀವು ಹೋಲಿಸಿದ್ದು ಎರಡು ಚಿತ್ರಗಳನ್ನಲ್ಲ, ಎರಡು ಬೇರೆ ಬೇರೆ ಮಂದಿಯನ್ನು. ಯೂಟ್ಯೂಬ್‌ನ ಟೆಸ್ಟ್ ಹಾಗಲ್ಲ. ಅದೇ ದಿನ, ಅದೇ ಹೊತ್ತಿಗೆ ಕೆಲವರಿಗೆ ಒಂದು, ಕೆಲವರಿಗೆ ಇನ್ನೊಂದು ತೋರಿಸುತ್ತದೆ. ಸಂತೆ ದಿನ ಇರಲಿ, ದೀಪಾವಳಿ ಇರಲಿ, ಎರಡಕ್ಕೂ ಸಮಪಾಲು.

ಇನ್ನೊಂದು ವಿಷಯ, ಇದನ್ನು ಯಾರೂ ಸರಿಯಾಗಿ ಓದುವುದಿಲ್ಲ. ಆ ಟೆಸ್ಟ್ ಅಳೆಯುವುದು ಕ್ಲಿಕ್ಕನ್ನಲ್ಲ. ಯಾವ ಚಿತ್ರದಿಂದ ಬಂದವರು ಒಟ್ಟು ಎಷ್ಟು ಹೊತ್ತು ನೋಡಿದರು ಅನ್ನುವುದನ್ನು. ಉದ್ದ ರಿವ್ಯೂ ಮಾಡುವವರಿಗೆ ಇದು ದೊಡ್ಡ ವ್ಯತ್ಯಾಸ. ಲೆಕ್ಕಕ್ಕೆ ಹೀಗೆ ಹಿಡಿಯಿರಿ. ಎರಡೂ ಚಿತ್ರ ಸಾವಿರ ಸಾವಿರ ಸಲ ಕಾಣಿಸಿದವು. ಮೊದಲನೆಯದನ್ನು 70 ಜನ ಒತ್ತಿ, ಸರಾಸರಿ 2 ನಿಮಿಷ ನೋಡಿ ಎದ್ದು ಹೋದರು: 140 ನಿಮಿಷ. ಎರಡನೆಯದನ್ನು 50 ಜನ ಒತ್ತಿ, 5 ನಿಮಿಷ ಕೂತರು: 250 ನಿಮಿಷ. ಯೂಟ್ಯೂಬ್ ಸ್ಟುಡಿಯೊ ನಿಮಗೆ ತೋರಿಸುವುದು ಈ ಪಾಲನ್ನು, ಅಂದರೆ ಹತ್ತಿರ ಹತ್ತಿರ ಶೇ. 36 ಮತ್ತು 64. ನಿಜವಾದ ಟೆಸ್ಟ್‌ನಲ್ಲಿ ಇಷ್ಟು ಅಂತರ ಸಿಗುವುದು ಅಪರೂಪ, ಅದು ಬೇರೆ ಮಾತು.

ಈಗ ನೀವು ಕಳಿಸಿದ ಚಿತ್ರಗಳಿಗೆ ಬರೋಣ. ಮೊದಲನೆಯದರಲ್ಲಿ ನೀವು ಬಾಯಿ ತೆರೆದು ನಿಂತಿದ್ದೀರಿ, ಕೆಂಪು ಬಾಣ, ಮೇಲೆ ‘ಮೋಸ ಹೋಗಬೇಡಿ!’ ಏನೋ ಜಗಳ ಇದೆ ಅಂದುಕೊಂಡು ಜನ ಬಂದರು. ಒಳಗೆ ಜಗಳ ಇಲ್ಲ, ನೀವು ಡಬ್ಬಿ ಬಿಚ್ಚುತ್ತಾ ಕೂತಿದ್ದೀರಿ. ಹೋದರು. ಎರಡನೆಯದರಲ್ಲಿ ಎರಡು ತಟ್ಟೆ ಬಿಳಿಜೋಳದ ಹಿಟ್ಟು. ಒಂದು ತರಿ, ಒಂದು ನುಣ್ಣಗೆ. ಪಕ್ಕದಲ್ಲಿ ಅಂಚು ಸೀಳಿದ ರೊಟ್ಟಿ. ನಮ್ಮ ಕಡೆ ಗಿರಣಿ ಕೊಳ್ಳುವವರಿಗೆ ಇರುವ ಪ್ರಶ್ನೆ ಅದೊಂದೇ ಅಲ್ವಾ? ಈ ಮಷಿನ್ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ. ಅದನ್ನು ಒತ್ತಿದವರು ಉತ್ತರ ಸಿಗುವ ತನಕ ಕೂತರು.

ಆದರೂ ಒಂದು ಬೈಗುಳ ಬಾಕಿ ಇದೆ. ಆ ಹಿಟ್ಟು ನಿಮ್ಮ ವಿಡಿಯೊದಲ್ಲಿ ಬರುವುದು 14ನೇ ನಿಮಿಷಕ್ಕೆ! ಯಾವ ಹೊತ್ತಿಗೆ ಎಷ್ಟು ಜನ ಉಳಿದಿದ್ದರು ಅಂತ ತೋರಿಸುವ ರಿಟೆನ್ಷನ್ ಗ್ರಾಫ್ ತೆಗೆದು ಮೊದಲ 30 ಸೆಕೆಂಡು ನೋಡಿ. ಅಲ್ಲಿ ಗೆರೆ ಧಡಕ್ಕನೆ ಕೆಳಗೆ ಬಿದ್ದಿದ್ದರೆ, ಥಂಬ್‌ನೇಲ್ ಹೇಳಿದ್ದು ಶುರುವಿನಲ್ಲಿ ಕಾಣಲಿಲ್ಲ ಅಂತ ಅರ್ಥ. ಅಪ್‌ಲೋಡ್ ಆದ ವಿಡಿಯೊಗೆ ಹೊಸ ತುಣುಕು ಸೇರಿಸಲು ಆಗದು. ಆದರೆ ಸ್ಟುಡಿಯೊದ ಎಡಿಟರ್‌ನಲ್ಲಿ ಆ ಎರಡು ನಿಮಿಷದ ಡಬ್ಬಿ ಬಿಚ್ಚುವ ಕಥೆ ಕತ್ತರಿಸಬಹುದು. ಮುಂದಿನ ವಿಡಿಯೊದಲ್ಲಿ ತಟ್ಟೆಯನ್ನು ಮೊದಲ 20 ಸೆಕೆಂಡಿನಲ್ಲೇ ತೋರಿಸಿ, ಆಮೇಲೆ ಬೇಕಾದರೆ ಡಬ್ಬಿ ಬಿಚ್ಚಿ. ನಾನೂ ಒಮ್ಮೆ ಸುಟ್ಟ ಮೋಟರಿನ ಚಿತ್ರ ಹಾಕಿ ಮಿಕ್ಸರ್ ರಿವ್ಯೂ ಬಿಟ್ಟಿದ್ದೆ. ಒಳಗೆ ಸುಟ್ಟ ಮೋಟರೇ ಇರಲಿಲ್ಲ. ಆ ಗ್ರಾಫ್ ಈಗಲೂ ಬಾವಿಗೆ ಇಳಿದ ಹಗ್ಗದ ಹಾಗಿದೆ.

ಟೈಟಲ್ ವಿಷಯ. 2024ರಲ್ಲಿ ಥಂಬ್‌ನೇಲ್ ಮಾತ್ರ ಟೆಸ್ಟ್ ಮಾಡಲು ಬರುತ್ತಿತ್ತು, ಈಗ ಟೈಟಲ್ಲನ್ನೂ ಮಾಡಬಹುದು, ಮೂರರ ತನಕ. ಎರಡನ್ನೂ ಒಟ್ಟಿಗೆ ಬದಲಿಸಿ ಜೋಡಿಯಾಗಿ ಬಿಟ್ಟರೆ ಯಾವ ಜೋಡಿ ಗೆದ್ದಿತು ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ನಿಮಗೆ ಈಗ ಚಿತ್ರ ಸಿಕ್ಕಿದೆ. ಅದನ್ನು ಹಾಗೇ ಇಟ್ಟು ಟೈಟಲ್ ಮಾತ್ರ ಟೆಸ್ಟ್‌ಗೆ ಹಾಕಿ. ‘ಮನೆ ಗಿರಣಿ ಹಿಟ್ಟಿನಲ್ಲಿ ಜೋಳದ ರೊಟ್ಟಿ ಆಗುತ್ತಾ?’ ಒಂದು. ‘ಮನೆ ಗಿರಣಿ: 6 ತಿಂಗಳು ಬಳಸಿದ ಮೇಲೆ’ ಇನ್ನೊಂದು. ಎರಡರ ಕೊನೆಯಲ್ಲೂ ಕಂಪನಿ, ಮಾಡೆಲ್ ಹೆಸರು ಇರಲಿ. ರಿವ್ಯೂಗೆ ಹುಡುಕಿ ಬರುವವರೇ ಜಾಸ್ತಿ, ಒಂದರಲ್ಲಿ ಮಾಡೆಲ್ ಬಿಟ್ಟರೆ ಆ ಟೈಟಲ್ ಸುಮ್ನೆ ಸೋಲುತ್ತದೆ. ಮುಖ್ಯ ಮಾತು ಮುಂದೆಯೇ ಇರಬೇಕು, ಫೋನಿನಲ್ಲಿ ಉದ್ದ ಕನ್ನಡ ಟೈಟಲ್‌ನ ಬಾಲ ಕಾಣುವುದಿಲ್ಲ.

ಟೆಸ್ಟ್ ಎರಡು ವಾರದ ತನಕ ಓಡಬಹುದು. ನಡುವೆ ಕೈ ಆಡಿಸಬೇಡಿ. ತೀರ್ಮಾನ ಆಗಲಿಲ್ಲ ಅಂತ ಬಂದರೆ ಯೂಟ್ಯೂಬ್ ಮೇಲೆ ಸಿಟ್ಟಾಗಬೇಡಿ, ನೋಡಿದವರು ಸಾಲಲಿಲ್ಲ ಅಥವಾ ನಿಮ್ಮ ಚಿತ್ರಗಳು ಅಣ್ಣತಮ್ಮಂದಿರ ಹಾಗಿವೆ. ಹಿನ್ನೆಲೆ ನೀಲಿಯಿಂದ ಹಸಿರಾದರೆ ಅದು ಬೇರೆ ಚಿತ್ರ ಅಲ್ಲ. ಚಾನೆಲ್ ಸಣ್ಣದಾದರೆ ಹೊಸ ವಿಡಿಯೊ ಬಿಟ್ಟು, ದಿನಾ ಒಂದೇ ಸಮನೆ ಜನ ಹುಡುಕಿ ಬರುವ ಹಳೆಯ ವಿಡಿಯೊದಲ್ಲಿ ಟೆಸ್ಟ್ ಮಾಡಿ. ಅಲ್ಲೂ ಮೂರು ಬೇಡ, ಎರಡೇ ಇಡಿ. ಇರುವ ನೋಡುಗರನ್ನು ಮೂರು ಪಾಲು ಮಾಡಿದರೆ ಯಾವ ಪಾಲೂ ಸಾಲುವುದಿಲ್ಲ.

ಥಂಬ್‌ನೇಲ್‌ನಲ್ಲಿ ಬೆಲೆ ಹಾಕಿದರೂ ಯಾರಿಗೂ ಕಾಣುತ್ತಿಲ್ಲವಂತೆ, ಯಾಕೆ? (ಮುಧೋಳ)

ಬಲಗಡೆ ಕೆಳಮೂಲೆಯಲ್ಲಿ ಹಾಕಿದ್ದೀರಿ. ಅಲ್ಲಿ ವಿಡಿಯೊ ಎಷ್ಟು ನಿಮಿಷ ಅನ್ನುವ ಪಟ್ಟಿ ಕೂರುತ್ತದೆ.

ರಾತ್ರಿ 12ಕ್ಕೆ ಥಂಬ್‌ನೇಲ್ ಬದಲಿಸಿದರೆ ವಿಡಿಯೊ ಹೊಸದಾಗಿ ಓಡುತ್ತದೆ ಅಂತಾರೆ, ನಿಜವಾ? (ಗೋಕಾಕ)

ಇಲ್ಲ. ಮಲಗಿ.

ಒಬ್ಬರು 8,000 ರೂಪಾಯಿಗೆ ಶೇ. 10 ಕ್ಲಿಕ್ ಗ್ಯಾರಂಟಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡಲಾ? (ವಿಜಯಪುರ)

ಅರ್ಧದಷ್ಟು ಚಾನೆಲ್, ವಿಡಿಯೊಗಳ ಕ್ಲಿಕ್ ದರ ಶೇ. 2ರಿಂದ 10ರ ಒಳಗೆ ಇರುತ್ತದೆ ಅಂತ ಯೂಟ್ಯೂಬೇ ಬರೆದಿದೆ. ಗ್ಯಾರಂಟಿ ಕೊಡುವವನು ಒಂದೋ ಬಾಡಿಗೆ ಮಂದಿಯಿಂದ ಕ್ಲಿಕ್ ಹೊಡೆಸುತ್ತಾನೆ, ಇಲ್ಲವೋ ಹಣ ತಗೊಂಡು ಫೋನ್ ಎತ್ತುವುದಿಲ್ಲ. ಬಾಡಿಗೆಯವರು 10 ಸೆಕೆಂಡಿಗೆ ಎದ್ದು ಹೋದರೆ ನಿಮ್ಮ ಟೆಸ್ಟ್ ಲೆಕ್ಕವೂ ಕೆಡುತ್ತದೆ. ಆ ದುಡ್ಡಿಗೆ ಒಂದು ಒಳ್ಳೆಯ ಲೈಟ್, ಎರಡು ಸೇರು ಜೋಳ ತನ್ನಿ.